ಎಡಗಾಲಿನಲ್ಲಿ ಶಕ್ತಿ ಇಲ್ಲವೇ, ಅಥವಾ ಬಲಗಾಲಿಗೆ ನಿಲ್ಲಲು ಬರುತ್ತಿಲ್ಲವೇ?

ಫುಟ್‌ಬಾಲ್ ಆಡುವ ಮಕ್ಕಳಿರುವ ಮನೆಗಳ ವಾಟ್ಸ್ಯಾಪ್ ಗುಂಪುಗಳಲ್ಲಿ ಇಂಥ ಸಲಹೆಗಳು ಆಗಾಗ ಓಡಾಡುತ್ತವೆ. 'ಎಡಗಾಲಿಗೆ ಮರಳು ಚೀಲ ಕಟ್ಟಿಕೊಂಡು ದಿನಾ ನೂರು ಸಲ ಒದೆಯಿರಿ, 21 ದಿನದಲ್ಲಿ ಎರಡೂ ಕಾಲು ಸಮ.' 'ಎಡಗೈಯಲ್ಲಿ ಹಲ್ಲುಜ್ಜಿ, ಎಡಗೈಯಲ್ಲಿ ಬರೆಯಿರಿ, ಮೆದುಳು ಬದಲಾಗಿ ಎಡಗಾಲು ತಾನಾಗಿಯೇ ಬರುತ್ತದೆ.' ಇವಕ್ಕೆ ತದ್ವಿರುದ್ಧವಾಗಿ, 'ಹತ್ತು ಹನ್ನೆರಡು ವರ್ಷದೊಳಗೆ ಕಲಿಯದಿದ್ದರೆ ಇನ್ನು ಆಗುವುದಿಲ್ಲ' ಎನ್ನುವುದೂ ಇದೆ. ಈ ಮೂರರಲ್ಲಿ ಯಾವುದನ್ನೂ ಹಾಗೇ ಮುಂದಕ್ಕೆ ಕಳಿಸಬೇಡಿ. ಆದರೆ ಇವುಗಳ ಹಿಂದಿರುವ ಪ್ರಶ್ನೆ ನಿಜವಾದದ್ದು. ಬಲಗಾಲಲ್ಲಿ ಚೆನ್ನಾಗಿ ಆಡುವ 14 ವರ್ಷದ ಹುಡುಗ ಅಥವಾ ಹುಡುಗಿ, ಚೆಂಡು ಎಡಗಾಲಿಗೆ ಬಂದ ಕೂಡಲೇ ತಡವರಿಸುವುದು ಏಕೆ? ಮನೆಯ ಗೋಡೆಯ ಮುಂದೆ ದಿನಕ್ಕೆ ಕಾಲು ಗಂಟೆ ಕೊಟ್ಟರೆ ಅದು ಎಷ್ಟರಮಟ್ಟಿಗೆ ಸರಿಹೋಗುತ್ತದೆ?

(ಓದುವ ಅನುಕೂಲಕ್ಕಾಗಿ ಇಲ್ಲಿ ಎಲ್ಲೆಡೆ ಬಲಗಾಲು ಪಳಗಿದ ಕಾಲು, ಎಡಗಾಲು ಪಳಗದ ಕಾಲು ಎಂದಿಟ್ಟುಕೊಂಡಿದ್ದೇನೆ. ನಿಮ್ಮ ಮನೆಯಲ್ಲಿ ಎಡಚರಿದ್ದರೆ ತಿರುಗಿಸಿ ಓದಿಕೊಳ್ಳಿ.)

'ವೀಕ್' ಎಂಬ ಹೆಸರೇ ದಾರಿ ತಪ್ಪಿಸುತ್ತದೆ

ಮೈದಾನದಲ್ಲಿ ಎಲ್ಲರೂ ಇದನ್ನು 'ವೀಕ್ ಫುಟ್' ಎನ್ನುತ್ತಾರೆ. ವೀಕ್ ಎಂದ ಮೇಲೆ ಬಲ ಕಡಿಮೆ, ಬಲ ಕಡಿಮೆ ಎಂದ ಮೇಲೆ ಭಾರ ಕಟ್ಟಿ ಬಲ ತುಂಬಬೇಕು. ಮರಳು ಚೀಲದ ಸಲಹೆ ಹುಟ್ಟುವುದು ಹೀಗೆ.

2002ರಲ್ಲಿ ಪ್ರಕಟವಾದ ಒಂದು ಡೆನ್ಮಾರ್ಕ್ ಅಧ್ಯಯನ ಇದನ್ನು ನೇರವಾಗಿ ಅಳೆದು ನೋಡಿತು. ನುರಿತ ಆಟಗಾರರು ಎರಡೂ ಕಾಲಿನಿಂದ ಒದೆಯುವುದನ್ನು ಕ್ಯಾಮೆರಾದಲ್ಲಿ ಹಿಡಿದು, ಕೀಲುಗಳಲ್ಲಿ ಸ್ನಾಯುಗಳು ಎಷ್ಟು ತಿರುಗುಬಲ ಹುಟ್ಟಿಸುತ್ತವೆ ಎಂದು ಲೆಕ್ಕ ಹಾಕಿದರು. ಪಳಗಿದ ಕಾಲಿನಿಂದ ಚೆಂಡು ಹೆಚ್ಚು ವೇಗವಾಗಿ ಹೋಯಿತು. ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಸ್ನಾಯುಗಳು ಹುಟ್ಟಿಸಿದ ಬಲದಲ್ಲಿ ಎರಡು ಕಾಲುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಎರಡು ಕಡೆ. ಒಂದು, ತೊಡೆಯ ವೇಗ ಮೊಣಕಾಲಿನ ಕೆಳಗಿನ ಭಾಗಕ್ಕೆ ದಾಟುವ ರೀತಿಯಲ್ಲಿ. ಇನ್ನೊಂದು, ಪಾದ ಚೆಂಡಿಗೆ ತಾಗುವ ಕ್ಷಣದ ಗುಣಮಟ್ಟದಲ್ಲಿ.

ಚಾವಟಿ ಬೀಸುವುದನ್ನು ನೆನಪಿಸಿಕೊಳ್ಳಿ. ಹಿಡಿಕೆ ಮೊದಲು ಓಡುತ್ತದೆ, ಅದು ನಿಧಾನವಾದ ಕೂಡಲೇ ಆ ವೇಗವೆಲ್ಲ ತುದಿಗೆ ಹೋಗುತ್ತದೆ. ಒದೆಯುವಾಗ ಸೊಂಟ, ತೊಡೆ, ಮೊಣಕಾಲು, ಪಾದ ಇದೇ ಸಾಲಿನಲ್ಲಿ ಒಂದರ ಹಿಂದೆ ಒಂದು ಬರಬೇಕು. ಪಳಗದ ಕಾಲಿನಲ್ಲಿ ಇವೆಲ್ಲ ಒಟ್ಟಿಗೇ, ಒಂದು ಕೋಲಿನ ಹಾಗೆ ಬೀಸುತ್ತವೆ. ಜೊತೆಗೆ ಮಣಿಗಂಟು ಸಡಿಲವಾಗಿದ್ದರೆ ಚೆಂಡು ಪಾದವನ್ನೇ ಹಿಂದಕ್ಕೆ ಬಗ್ಗಿಸುತ್ತದೆ, ವೇಗ ಅಲ್ಲಿಯೇ ಸೋರಿಹೋಗುತ್ತದೆ. ಇಲ್ಲಿ ಕೊರತೆ ಇರುವುದು ಬಲದ್ದಲ್ಲ, ಸಮಯಜ್ಞಾನದ್ದು. ಪಾದಕ್ಕೆ ಮರಳು ಚೀಲ ಕಟ್ಟಿದರೆ ಇದೇ ಸಮಯ ಇನ್ನಷ್ಟು ಕೆಡುತ್ತದೆ, ಏಕೆಂದರೆ ಭಾರವಿರುವ ಕಾಲು ಬೀಸುವ ಲಯವೇ ಬೇರೆ. ಬೆಳೆಯುವ ವಯಸ್ಸಿನ ಮೊಣಕಾಲಿಗೂ ಸೊಂಟಕ್ಕೂ ಅದು ಒಳ್ಳೆಯದಲ್ಲ.

ಹಲ್ಲುಜ್ಜುವ ಸಲಹೆಯನ್ನು ಬೇಗ ಮುಗಿಸೋಣ. ಇಂಥ ಕಲಿಕೆ ಬಹುಮಟ್ಟಿಗೆ ಮಾಡಿದ ಕೆಲಸಕ್ಕೇ ಅಂಟಿಕೊಂಡಿರುತ್ತದೆ. ಎಡಗೈಯಲ್ಲಿ ಹಲ್ಲುಜ್ಜಿದರೆ ಎಡಗೈಯಲ್ಲಿ ಹಲ್ಲುಜ್ಜಲು ಬರುತ್ತದೆ.

ನಿಂತ ಕಾಲನ್ನು ನೋಡಿ

ಎಡಗಾಲಲ್ಲಿ ಒದೆಯುವಾಗ ಎಲ್ಲರ ಕಣ್ಣೂ ಎಡಗಾಲಿನ ಮೇಲೇ ಇರುತ್ತದೆ. ನಾನು ಹೇಳುವುದು, ಒಂದು ಸಲ ಬಲಗಾಲನ್ನು ನೋಡಿ. ಆ ಮಗು ಇಷ್ಟು ವರ್ಷವೂ ಬಲಗಾಲಲ್ಲಿ ಒದೆದಿದೆ, ಎಂದರೆ ಇಷ್ಟು ವರ್ಷವೂ ಎಡಗಾಲಿನ ಮೇಲೆ ನಿಂತಿದೆ. ಓಡಿ ಬಂದು ಒಂದೇ ಕಾಲಿನ ಮೇಲೆ ತಟ್ಟನೆ ನಿಂತು, ಮೈಯ ಭಾರವನ್ನೆಲ್ಲ ಹೊತ್ತು, ಇನ್ನೊಂದು ಕಾಲು ಬೀಸಲು ಬಿಡುವ ಕೆಲಸ ಬಲಗಾಲಿಗೆ ಹೊಸದು. ಹಾಗಾಗಿ 'ಎಡಗಾಲು ಬರಲ್ಲ' ಎನ್ನುವ ದೂರಿನಲ್ಲಿ ಒಂದು ಪಾಲು 'ಬಲಗಾಲಿಗೆ ನಿಲ್ಲಲು ಬರಲ್ಲ' ಎನ್ನುವುದೇ ಆಗಿರುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಮೊಬೈಲನ್ನು ಒಂದು ಇಟ್ಟಿಗೆಗೆ ಒರಗಿಸಿ, ಚೆಂಡಿನ ಪಕ್ಕಕ್ಕೆ ನಾಲ್ಕೈದು ಹೆಜ್ಜೆ ದೂರದಲ್ಲಿ ನೆಲಮಟ್ಟದಲ್ಲಿಟ್ಟು ಸ್ಲೋ ಮೋಷನ್‌ನಲ್ಲಿ ವಿಡಿಯೋ ಮಾಡಿ. ಬಲಗಾಲಲ್ಲಿ ಐದು ಒದೆತ, ಎಡಗಾಲಲ್ಲಿ ಐದು. ಆಮೇಲೆ ಪಾದ ಚೆಂಡಿಗೆ ತಾಗುವ ಕ್ಷಣದಲ್ಲಿ ವಿಡಿಯೋ ನಿಲ್ಲಿಸಿ, ನಿಂತ ಪಾದ ಎಲ್ಲಿದೆ ಎಂದು ಮಾತ್ರ ನೋಡಿ. ಪಳಗಿದ ಒದೆತದಲ್ಲಿ ಅದು ಚೆಂಡಿನ ಪಕ್ಕದಲ್ಲೇ, ಹೆಚ್ಚುಕಡಿಮೆ ಒಂದು ಗೇಣು ಅಂತರದಲ್ಲಿ, ಬೆರಳು ಗುರಿಯ ಕಡೆಗಿದ್ದು, ಮೊಣಕಾಲು ಸ್ವಲ್ಪ ಬಗ್ಗಿರುತ್ತದೆ. ಪಳಗದ ಒದೆತದಲ್ಲಿ ಸಾಮಾನ್ಯವಾಗಿ ಅದು ಚೆಂಡಿಗಿಂತ ಹಿಂದೆ ಉಳಿದಿರುತ್ತದೆ.

ಹಿಂದೆ ಉಳಿದರೆ ಏನಾಗುತ್ತದೆ? ಚೆಂಡನ್ನು ಎಟುಕಿಸಿಕೊಳ್ಳಲು ಕಾಲು ಚಾಚಬೇಕು, ಕಾಲು ಚಾಚಿದರೆ ಮೈ ಹಿಂದಕ್ಕೆ ವಾಲುತ್ತದೆ, ಮೈ ವಾಲಿದರೆ ಪಾದ ಚೆಂಡಿನ ಕೆಳಭಾಗಕ್ಕೆ ತಾಗುತ್ತದೆ. ಚೆಂಡು ಗೋಡೆ ಹಾರಿ ಪಕ್ಕದ ಮನೆಗೆ ಹೋಗುವುದು ಹೀಗೆ. ನಿಂತ ಪಾದದ ಬೆರಳು ಹೊರಗೆ ತಿರುಗಿದ್ದರೆ ಸೊಂಟವೂ ಆ ಕಡೆಗೇ ತೆರೆದುಕೊಂಡು ಚೆಂಡು ಬಲಕ್ಕೆ ಎಳೆಯುತ್ತದೆ. ಇವೆರಡೂ ಸರಿಯಿದ್ದು ಚೆಂಡು ನೇರವಾಗಿ, ಆದರೆ ಜೀವವೇ ಇಲ್ಲದಂತೆ ಉರುಳಿದರೆ ಮಾತ್ರ ಒದೆಯುವ ಪಾದದ ಮಣಿಗಂಟನ್ನು ಅನುಮಾನಿಸಿ. ಚೆಂಡು ಎಲ್ಲಿಗೆ ಹೋಯಿತು ಎನ್ನುವುದೇ ತಪ್ಪು ಎಲ್ಲಿದೆ ಎಂದು ಹೇಳಿಬಿಡುತ್ತದೆ. 'ಸರಿಯಾಗಿ ಒದಿಯೋ' ಎಂದು ದೂರದಿಂದ ಕೂಗುವುದರಿಂದ ಮಗುವಿಗೆ ಏನೂ ತಿಳಿಯುವುದಿಲ್ಲ. 'ಬಲಗಾಲು ಇನ್ನೊಂಚೂರು ಮುಂದೆ ಇಡು' ಎಂದರೆ ತಿಳಿಯುತ್ತದೆ.

ವಯಸ್ಸು ಮೀರಿದೆಯೇ?

ನಾರ್ವೆಯ ಇಬ್ಬರು ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಬಹಳ ಉಪಯುಕ್ತ. 15ರಿಂದ 21 ವರ್ಷದೊಳಗಿನ 39 ಆಟಗಾರರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಎಂದಿನಂತೆ ಅಭ್ಯಾಸ ಮಾಡಿತು. ಇನ್ನೊಂದು ಗುಂಪು 8 ವಾರ ಪೂರ್ಣ ಪಂದ್ಯವೊಂದನ್ನು ಬಿಟ್ಟು ಉಳಿದ ಎಲ್ಲ ಅಭ್ಯಾಸವನ್ನೂ ಪಳಗದ ಕಾಲಿನಲ್ಲೇ ಮಾಡಿತು. ಕೊನೆಗೆ ಪರೀಕ್ಷಿಸಿದಾಗ ಆ ಗುಂಪಿನವರ ಪಳಗದ ಕಾಲು ಸುಧಾರಿಸಿತ್ತು. 15 ದಾಟಿದ ಮೇಲೂ ಆಗುತ್ತದೆ ಎನ್ನಲು ಇಷ್ಟೇ ಸಾಕು.

ಅದಕ್ಕಿಂತ ಕುತೂಹಲದ ಸಂಗತಿ ಇನ್ನೊಂದು. ಅವರ ಪಳಗಿದ ಕಾಲು ಕೂಡ ಸುಧಾರಿಸಿತ್ತು, ಅದಕ್ಕೆ 8 ವಾರ ಪ್ರತ್ಯೇಕ ಅಭ್ಯಾಸವೇ ಇಲ್ಲದಿದ್ದರೂ. 'ಎಡಗಾಲಿಗೆ ಸಮಯ ಕೊಟ್ಟರೆ ಬಲಗಾಲು ಹಾಳಾಗುತ್ತದೆ' ಎಂದು ಹೆದರುವ ತಂದೆತಾಯಿಗಳಿಗೆ ನಾನು ಹೇಳುವುದು ಇದನ್ನೇ. ಆದರೆ ಇದರ ಮಿತಿಯನ್ನೂ ಗಮನಿಸಿ. ಆ ಆಟಗಾರರು ಮೊದಲೇ ಸ್ಪರ್ಧೆಗಳಲ್ಲಿ ಆಡುತ್ತಿದ್ದವರು, ಮತ್ತು ಅವರು ಕೊಟ್ಟ ಸಮಯ ದಿನಕ್ಕೆ ಕಾಲು ಗಂಟೆಗಿಂತ ಬಹಳ ಹೆಚ್ಚು. ಮನೆಯ ಅಭ್ಯಾಸದಿಂದ ಅದೇ ವೇಗ ನಿರೀಕ್ಷಿಸಬಾರದು. 21 ದಿನದ ಮಾತಂತೂ ಬಿಡಿ.

ಕಾಲು ಗಂಟೆಯಲ್ಲಿ ಏನು ಮಾಡಬೇಕು

ನನ್ನ ಅಕ್ಕನ ಮಗಳಿಗೆ 14 ವರ್ಷ. ಶಾಲೆಯ ತಂಡದಲ್ಲಿ ಲೆಫ್ಟ್ ಬ್ಯಾಕ್ ಆಡುತ್ತಾಳೆ, ಕಾಲು ಮಾತ್ರ ಬಲ. ಎಡಗಡೆಯ ಗೆರೆಯ ಪಕ್ಕ ಚೆಂಡು ಸಿಕ್ಕರೆ ಪ್ರತಿ ಸಲವೂ ಒಳಕ್ಕೆ ತಿರುಗುತ್ತಾಳೆ, ಎದುರಾಳಿಗೆ ಅದು ಮೊದಲೇ ಗೊತ್ತಿರುತ್ತದೆ. ಒಂದು ಸಂಜೆ ಅವಳ ಒಂದು ಗಂಟೆಯ ಅಭ್ಯಾಸವನ್ನು ಕೂತು ಎಣಿಸಿದೆ. ಬಲಗಾಲು ಚೆಂಡಿಗೆ ತಾಗಿದ್ದು 61 ಸಲ, ಎಡಗಾಲು 7. ವಾರಕ್ಕೆ ಮೂರು ದಿನ ಅಭ್ಯಾಸವೆಂದರೆ ಎಡಗಾಲಿಗೆ ಇಪ್ಪತ್ತು ಚಿಲ್ಲರೆ. ಎಡಗಾಲು ಕಲಿತಿಲ್ಲ ಎನ್ನುವುದಕ್ಕಿಂತ ಅದಕ್ಕೆ ಪಾಠವೇ ಆಗಿಲ್ಲ ಎನ್ನಬಹುದು.

ಅವಳು ಕೋಚ್‌ಗೆ ಹೇಳಿ ಮನೆಯಲ್ಲಿ ಶುರು ಮಾಡಿದ ಅಭ್ಯಾಸ ಇಷ್ಟು. ವಾರಕ್ಕೆ ಐದು ದಿನ, ಬೆಳಗ್ಗೆ ಶಾಲೆಗೆ ಮುಂಚೆ, ಕಾಂಪೌಂಡ್ ಗೋಡೆಯ ಮುಂದೆ. ಚೆಂಡು 5ನೇ ನಂಬರಿನದು, ಗಾಳಿ ಸ್ವಲ್ಪ ಕಡಿಮೆ. ಗಾಳಿ ಕಡಿಮೆ ಮಾಡಿದ್ದು ತಂತ್ರಕ್ಕಲ್ಲ, ಸದ್ದಿಗೆ ಪಕ್ಕದ ಮನೆಯ ಅಜ್ಜಿ ಬೈಯದಿರಲಿ ಎಂದು.

ಮೊದಲ ಎರಡು ನಿಮಿಷ ಚೆಂಡೇ ಇಲ್ಲ. ಬರಿಗಾಲಲ್ಲಿ ಬಲಗಾಲಿನ ಮೇಲೆ ಮೊಣಕಾಲು ಸಡಿಲ ಬಿಟ್ಟು ನಿಂತು, ಎಡಗಾಲನ್ನು ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ಬೀಸುವುದು. ಅರ್ಧ ನಿಮಿಷ ಬೀಸು, ಅರ್ಧ ನಿಮಿಷ ವಿಶ್ರಾಂತಿ, ಎರಡು ಸಲ. ಬಲಗೈ ಮುಂದೆ ಬಂದಾಗ ಎಡಗಾಲು ಮುಂದೆ. ಮೊದಲ ವಾರ ಇಷ್ಟಕ್ಕೇ ಅವಳು ಓಲಾಡುತ್ತಿದ್ದಳು. ಅದೇ ಕೆಲಸ ಎಡಗಾಲಿನ ಮೇಲೆ ನಿಂತು ಮಾಡಿದಾಗ ಓಲಾಟವಿರಲಿಲ್ಲ.

ಆಮೇಲೆ ಗೋಡೆಯಿಂದ ಮೂರು ಮೀಟರ್ ದೂರದಲ್ಲಿ ನಿಂತು ಎಡಪಾದದ ಒಳಭಾಗದಿಂದ ಪಾಸ್. ಒದೆ, ವಾಪಸ್ ಬಂದದ್ದನ್ನು ಎಡಪಾದದಲ್ಲೇ ತಡೆ, ಮತ್ತೆ ಒದೆ. ಹೀಗೆ 40. ಪಾದ ತಾಗುವಾಗ ಬೆರಳು ಮೇಲೆ, ಹಿಮ್ಮಡಿ ಕೆಳಗೆ, ಮಣಿಗಂಟು ಬಿಗಿ. ಪ್ರತಿ ಒದೆತಕ್ಕೂ ಮುಂಚೆ ಬಲಗಾಲನ್ನು ಒಂದು ಹೆಜ್ಜೆ ಎತ್ತಿ ಇಡಲೇಬೇಕು. ಬಲಗಾಲನ್ನು ಕಂಬದ ಹಾಗೆ ನೆಟ್ಟು ಬರೀ ಎಡಗಾಲು ಆಡಿಸಿದರೆ ಲೆಕ್ಕಕ್ಕೆ 40 ಆಗುತ್ತದೆ, ನಿಲ್ಲುವ ಕಲಿಕೆ ಆಗುವುದಿಲ್ಲ. ಈ ಅಭ್ಯಾಸ ಹಳ್ಳ ಹಿಡಿಯುವುದು ಹೆಚ್ಚಾಗಿ ಇಲ್ಲೇ.

ಮೂರನೆಯದು ಇದೇ ಗೋಡೆ, ಇದೇ ದೂರ, ಆದರೆ ಬೆರೆಸಿ. ಎಡದಲ್ಲಿ ತಡೆದು ಬಲದಲ್ಲಿ ಒದೆ, ಬಲದಲ್ಲಿ ತಡೆದು ಎಡದಲ್ಲಿ ಒದೆ. ಇದೂ 40. ಒಂದೇ ಚಲನೆಯನ್ನು ಸಾಲಾಗಿ ಮಾಡುವುದಕ್ಕಿಂತ ಇದು ಕಷ್ಟ, ತಪ್ಪೂ ಹೆಚ್ಚು, ಮಕ್ಕಳಿಗೆ ಬೇಸರ ಬರುವುದೂ ಇಲ್ಲೇ. ಆದರೆ ಬೆರೆಸಿ ಮಾಡಿದ ಅಭ್ಯಾಸ ಆ ಹೊತ್ತಿಗೆ ಒರಟಾಗಿ ಕಂಡರೂ ದಿನ ಕಳೆದ ಮೇಲೆ ಹೆಚ್ಚು ಉಳಿಯುತ್ತದೆ ಎನ್ನುವುದು ಚಲನೆಯ ಕಲಿಕೆಯ ಸಂಶೋಧನೆಯಲ್ಲಿ ಮತ್ತೆ ಮತ್ತೆ ಕಂಡಿರುವ ಮಾತು. ಪ್ರತಿ ಸಲವೂ ಮೆದುಳು ಹೊಸದಾಗಿ ಯೋಚಿಸಬೇಕಾಗುತ್ತದಲ್ಲ.

ಕೊನೆಗೆ ಆರೇಳು ಮೀಟರ್ ದೂರದಿಂದ, ಮೂರು ಹೆಜ್ಜೆ ನಡೆದು ಬಂದು, ಶೂ ಲೇಸ್ ಇರುವ ಜಾಗದಿಂದ ಅರ್ಧ ಬಲದ ಹತ್ತು ಒದೆತ. ಹತ್ತೇ. ಪೂರ್ತಿ ಬಲ ಹಾಕಿದರೆ ಮೈ ಹಳೆಯ ತಪ್ಪಿಗೇ ಮರಳುತ್ತದೆ. ಒಟ್ಟು ಹದಿನೈದು ನಿಮಿಷದೊಳಗೆ ಮುಗಿಯುತ್ತದೆ. ಭಾನುವಾರ ಎರಡು ಗಂಟೆ ಒಟ್ಟಿಗೆ ಮಾಡಿ ಉಳಿದ ದಿನ ಬಿಟ್ಟರೆ ಇದೇ ಲಾಭ ಸಿಗುವುದಿಲ್ಲ. ದಣಿದ ಕಾಲು ತಪ್ಪನ್ನೇ ಅಭ್ಯಾಸ ಮಾಡುತ್ತದೆ, ಮತ್ತು ಒಂದು ದಿನದ ಕಲಿಕೆ ನೆಲೆಗೊಳ್ಳಲು ನಡುವೆ ಬಿಡುವೂ ನಿದ್ದೆಯೂ ಬೇಕು.

ಸುಧಾರಿಸಿದೆ ಎಂದು ತಿಳಿಯುವುದು ಹೇಗೆ

ದಿನಾ ಅಳೆಯಬೇಡಿ. ಅವಳು ಭಾನುವಾರ ಬೆಳಗ್ಗೆ ಮಾತ್ರ ಎರಡು ಚಪ್ಪಲಿಗಳನ್ನು ಎರಡಡಿ ಅಂತರದಲ್ಲಿಟ್ಟು, ಎಂಟು ಮೀಟರ್ ದೂರದಿಂದ ಪ್ರತಿ ಕಾಲಿನಲ್ಲಿ 20 ಪಾಸ್ ಕೊಟ್ಟು, ಚಪ್ಪಲಿಗಳ ನಡುವೆ ಹೋದವನ್ನು ಪುಸ್ತಕದಲ್ಲಿ ಬರೆದಿಟ್ಟಳು. ಅಭ್ಯಾಸ ಮುಗಿದ ಮೇಲಲ್ಲ, ಶುರುವಿನಲ್ಲೇ. ನಲವತ್ತು ಸಲ ಒದೆದು ಕಾಲು ಪಳಗಿದ ಹೊತ್ತಿನಲ್ಲಿ ಅಳೆದರೆ ಅಂಕಿ ಚೆನ್ನಾಗಿ ಕಾಣುತ್ತದೆ. ಪಂದ್ಯದಲ್ಲಿ ಚೆಂಡು ಹಾಗೆ ಹೇಳಿ ಕೇಳಿ ಬರುವುದಿಲ್ಲ.

ಶುರುವಿನಲ್ಲಿ ಬಲಗಾಲು 20ಕ್ಕೆ 16, ಎಡಗಾಲು 8. ಮುಂದಿನ ಎಂಟು ಭಾನುವಾರ ಎಡಗಾಲಿನ ಅಂಕಿ ಹೀಗೆ ಬಂತು: 10, 7, 9, 11, 10, 13, 12, 14. ಎರಡನೆಯ ವಾರ 10ರಿಂದ 7ಕ್ಕೆ ಇಳಿದಾಗ ಅವಳು ಬಿಟ್ಟೇಬಿಡುವುದರಲ್ಲಿದ್ದಳು. ಅವಳಿಗೆ ಒಂದು ನಾಣ್ಯ ಕೊಟ್ಟೆವು. 20 ಸಲ ಚಿಮ್ಮಿದರೆ 10 ತಲೆ ಬೀಳಬೇಕು, ಆದರೆ ಒಮ್ಮೆ 8 ಬೀಳುತ್ತದೆ, ಒಮ್ಮೆ 12. ನಾಣ್ಯ ಬದಲಾಗಿಲ್ಲ. 20 ಒದೆತದ ಪರೀಕ್ಷೆಯಲ್ಲೂ ಎರಡು ಮೂರರ ಏರಿಳಿತಕ್ಕೆ ಅರ್ಥವೇ ಇಲ್ಲ, ಮೇಲೆ ಹೋದರೂ ಅಷ್ಟೇ, ಕೆಳಗೆ ಬಂದರೂ ಅಷ್ಟೇ. ಎರಡೆರಡು ವಾರ ಸೇರಿಸಿ ನೋಡಿದರೆ ದಾರಿ ಕಾಣುತ್ತದೆ. ಮೊದಲ ಎರಡು ಪರೀಕ್ಷೆಗಳ ಸರಾಸರಿ 9, ಕೊನೆಯ ಎರಡರದು 13. 'ಒಂದೇ ವಾರದಲ್ಲಿ ಫಲಿತಾಂಶ' ಎನ್ನುವ ವಿಡಿಯೋಗಳಲ್ಲಿ ತೋರಿಸುವುದು ಬಹುಶಃ ಇಂಥ ಒಂದು ಒಳ್ಳೆಯ ಭಾನುವಾರ.

ಬಲಗಾಲು ಎಂಟನೆಯ ವಾರ 17. ಅಂದರೆ ಎರಡೂ ಸಮವಾಗಿಲ್ಲ. ಸಮವಾಗಬೇಕಾಗಿಯೂ ಇಲ್ಲ.

ಗೋಡೆಯ ಮುಂದೆ ಬಂದದ್ದು ಪಂದ್ಯದಲ್ಲಿ ಬರುತ್ತದೆಯೇ?

1998ರ ಫ್ರಾನ್ಸ್ ವಿಶ್ವಕಪ್‌ನ ಪಂದ್ಯಗಳ ವಿಡಿಯೋ ನೋಡಿ, ಯಾವ ಆಟಗಾರ ಯಾವ ಕಾಲನ್ನು ಎಷ್ಟು ಸಲ ಬಳಸಿದ ಎಂದು ಎಣಿಸಿದ ಒಂದು ಅಧ್ಯಯನವಿದೆ. ಐದರಲ್ಲಿ ಸುಮಾರು ನಾಲ್ವರು ಬಲಗಾಲಿನವರು, ಸಾಮಾನ್ಯ ಜನರಲ್ಲಿ ಇರುವ ಹಾಗೆಯೇ. ಜಗತ್ತಿನ ಅತ್ಯುತ್ತಮ ಆಟಗಾರರೂ ಹೆಚ್ಚಿನ ಹೊತ್ತು ಒಂದೇ ಕಾಲಲ್ಲಿ ಆಡುತ್ತಾರೆ. ಆದರೆ ಅಪರೂಪಕ್ಕೆ ಇನ್ನೊಂದು ಕಾಲು ಬಳಸಿದಾಗ ಅವರ ಯಶಸ್ಸು ಹೆಚ್ಚುಕಡಿಮೆ ಪಳಗಿದ ಕಾಲಿನಷ್ಟೇ ಇತ್ತು. ಅವರು ಸುಲಭದ ಸಂದರ್ಭಗಳಲ್ಲಷ್ಟೇ ಬಳಸಿರಬಹುದು, ಅದನ್ನು ಮರೆಯುವಂತಿಲ್ಲ. ಆದರೂ ನಮಗೆ ಬೇಕಾದ ಸುಳಿವು ಇಲ್ಲಿದೆ. ಕೌಶಲ ಇರುವುದು ಬೇರೆ, ಆ ಕಾಲನ್ನು ಆರಿಸಿಕೊಳ್ಳುವುದು ಬೇರೆ.

ಅರ್ಜೆನ್ ರಾಬೆನ್ ವರ್ಷಗಟ್ಟಲೆ ಬಲಗಡೆಯಿಂದ ಒಳಕ್ಕೆ ತಿರುಗಿ ಎಡಗಾಲಲ್ಲಿ ಗೋಲು ಹೊಡೆದರು, ಏನು ಮಾಡುತ್ತಾರೆಂದು ಎಲ್ಲರಿಗೂ ಗೊತ್ತಿದ್ದರೂ. ಅಷ್ಟು ವೇಗವಿರುವವರಿಗೆ ಅದು ನಡೆಯುತ್ತದೆ. ಇನ್ನೊಂದು ತುದಿಯಲ್ಲಿ ಜರ್ಮನಿಯ ಆಂಡ್ರಿಯಾಸ್ ಬ್ರೆಮೆ. 1986ರ ವಿಶ್ವಕಪ್‌ನಲ್ಲಿ ಮೆಕ್ಸಿಕೊ ವಿರುದ್ಧದ ಶೂಟೌಟ್‌ನಲ್ಲಿ ಅವರು ಎಡಗಾಲಲ್ಲಿ ಪೆನಾಲ್ಟಿ ಹೊಡೆದರು, 1990ರ ಫೈನಲ್‌ನಲ್ಲಿ ಅರ್ಜೆಂಟೀನಾ ವಿರುದ್ಧದ ಗೆಲುವಿನ ಪೆನಾಲ್ಟಿಯನ್ನು ಬಲಗಾಲಲ್ಲಿ. ಶಾಲಾ ತಂಡದ ಲೆಫ್ಟ್ ಬ್ಯಾಕ್‌ಗೆ ಇವರಿಬ್ಬರಲ್ಲಿ ಯಾರೂ ಆಗಬೇಕಿಲ್ಲ. ಗೆರೆಯ ಪಕ್ಕ ಚೆಂಡು ಸಿಕ್ಕಾಗ ಹೊರಗಡೆಯೂ ಹೋಗಬಲ್ಲಳು ಎಂಬ ಅನುಮಾನ ಎದುರಾಳಿಯ ತಲೆಯಲ್ಲಿ ಹುಟ್ಟಿದರೆ ಸಾಕು.

ಅದಕ್ಕೆ ಅವಳ ಕೋಚ್ ಹಾಕಿದ ನಿಯಮ ಒಂದೇ. ಅಭ್ಯಾಸದ ಐದೈದು ಜನರ ಆಟದಲ್ಲಿ, ಎಡಗಡೆಯ ಗೆರೆಯ ಬಳಿ ಸಿಕ್ಕ ಚೆಂಡಿನ ಮೊದಲ ಸ್ಪರ್ಶ ಎಡಗಾಲಿನದೇ ಆಗಬೇಕು. ತಪ್ಪಿ ಹೋದರೂ ಯಾರೂ ಬೈಯುವಂತಿಲ್ಲ. ಹತ್ತನೆಯ ವಾರ ನಾನು ಮತ್ತೆ ಎಣಿಸಿದಾಗ ಒಂದು ಗಂಟೆಯಲ್ಲಿ ಎಡಗಾಲು 19 ಸಲ ತಾಗಿತ್ತು. ಪಂದ್ಯದಲ್ಲಿ ಇನ್ನೂ ಅಷ್ಟಿಲ್ಲ. ಒತ್ತಡ ಬಿದ್ದಾಗ ಬಲಗಾಲೇ ಮುಂದೆ ಬರುತ್ತದೆ.

ನೋವು ಬಂದರೆ

ಹುಡುಗಿಯರಿಗೆ ಸುಮಾರು 12, ಹುಡುಗರಿಗೆ ಸುಮಾರು 14ರ ಆಸುಪಾಸಿನಲ್ಲಿ ಎತ್ತರ ಒಮ್ಮೆಲೇ ಏರುತ್ತದೆ. ಆ ಹೊತ್ತಿನಲ್ಲಿ ಸ್ನಾಯು ಮೂಳೆಗೆ ಅಂಟುವ ಜಾಗಗಳು ಇನ್ನೂ ಗಟ್ಟಿಯಾಗಿರುವುದಿಲ್ಲ. ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬಿನಲ್ಲಿ, ಅಥವಾ ಹಿಮ್ಮಡಿಯ ಹಿಂಭಾಗದಲ್ಲಿ ಮುಟ್ಟಿದರೆ ನೋವು ಬರುವುದು ಈ ವಯಸ್ಸಿನ ಆಟಗಾರರಲ್ಲಿ ಸಾಮಾನ್ಯ. ಈ ಅಭ್ಯಾಸದಲ್ಲಿ ಒದೆಯುವ ಎಡಗಾಲನ್ನಷ್ಟೇ ಗಮನಿಸಬೇಡಿ, ಹೊಸದಾಗಿ ಭಾರ ಹೊರುತ್ತಿರುವ ಬಲ ಮಂಡಿಯನ್ನೂ ಕೇಳಿ.

ನೋವು ಆಡುವಾಗ ಸ್ವಲ್ಪ ಇದ್ದು ಅಂದೇ ಹೋಗಿಬಿಟ್ಟರೆ ಲೇಸ್ ಒದೆತ ಬಿಟ್ಟು ಹತ್ತಿರದ ಪಾಸ್‌ಗಳನ್ನು ಅರ್ಧಕ್ಕೆ ಇಳಿಸಿ. ಮಾರನೆಯ ಬೆಳಗ್ಗೆಯೂ ಇದ್ದರೆ, ಅಥವಾ ಕುಂಟುವಂತಿದ್ದರೆ, ನಿಲ್ಲಿಸಿ ವೈದ್ಯರಿಗೆ ತೋರಿಸಿ. ಒದೆಯುವಾಗ ಸೊಂಟದ ಮುಂಭಾಗದಲ್ಲಿ 'ಟಪ್' ಎಂದಂತಾಗಿ ತಟ್ಟನೆ ನೋವು ಹಿಡಿದರೆ ಅದನ್ನು ಉಳುಕು ಎಂದು ಎಣ್ಣೆ ಹಚ್ಚಿ ತಿಕ್ಕಬೇಡಿ. ಈ ವಯಸ್ಸಿನಲ್ಲಿ ಸ್ನಾಯು ತಾನು ಅಂಟಿರುವ ಮೂಳೆಯ ಚೂರನ್ನೇ ಕಿತ್ತುಕೊಂಡು ಬರಬಹುದು. ಅಂದೇ ಎಕ್ಸ್‌ರೇ ಆಗಬೇಕು.